ಎಲ್‌ಎಫ್‌ಪಿಯೋ, ಎನ್‌ಎಂಸಿಯೋ? ಬಳ್ಳಾರಿ ಬಿಸಿಲಿನ ಲೆಕ್ಕ

ಪ್ರಶ್ನೆ: ಮೇಡಂ, ನಾವು ಬಳ್ಳಾರಿಯವರು. ಎಲೆಕ್ಟ್ರಿಕ್ ಕಾರು ತಗೋಬೇಕು ಅಂತಿದ್ದೇವೆ. ನನಗೆ ದಿನಾ ಕಾಲೇಜಿಗೆ ಹೋಗಿ ಬರಲು 35 ಕಿ.ಮೀ. ಆಗುತ್ತದೆ. ತಿಂಗಳಿಗೊಮ್ಮೆ ಬೆಂಗಳೂರಿಗೆ ಮಗಳ ಮನೆಗೆ ಹೋಗುತ್ತೇವೆ. ಒಂದು ಷೋರೂಮಿನಲ್ಲಿ "ನಮ್ಮದು ಎಲ್‌ಎಫ್‌ಪಿ, 3,000 ಸೈಕಲ್ ಬರುತ್ತದೆ, ಎನ್‌ಎಂಸಿ ಅದರ ಅರ್ಧವೂ ಬರಲ್ಲ" ಅಂದರು. ಇನ್ನೊಂದು ಕಡೆ "ಎಲ್‌ಎಫ್‌ಪಿ ಭಾರ, ರೇಂಜ್ ಕಮ್ಮಿ" ಅಂದರು. ಹತ್ತು ವರ್ಷ ಇಟ್ಟುಕೊಳ್ಳುವ ಯೋಚನೆ ಇದೆ. ಯಾವುದು ತಗೊಳ್ಳಲಿ?

ಉತ್ತರ: ಎಲ್‌ಎಫ್‌ಪಿ, ಎನ್‌ಎಂಸಿ ಅನ್ನುವುದು ಎಲೆಕ್ಟ್ರಿಕ್ ಕಾರಿನ ಲೀಥಿಯಂ ಬ್ಯಾಟರಿಯ ಎರಡು ಜಾತಿ. ಮೊದಲು ಆ 3,000 ಸೈಕಲ್‌ನ ಲೆಕ್ಕವನ್ನೇ ಹಿಡಿಯೋಣ.

ಸೈಕಲ್ ಅಂದರೆ ಚಾರ್ಜರ್ ಚುಚ್ಚಿದ ಸಲ ಅಲ್ಲ. ಬ್ಯಾಟರಿಯ ಪೂರ್ತಿ ಸಾಮರ್ಥ್ಯದಷ್ಟು ವಿದ್ಯುತ್ ಒಮ್ಮೆ ಬಳಸಿದರೆ ಒಂದು ಸೈಕಲ್. ಇವತ್ತು ಕಾಲು ಭಾಗ, ನಾಳೆ ಕಾಲು ಭಾಗ ಅಂತ ನಾಲ್ಕು ದಿನ ಬಳಸಿ ತುಂಬಿಸಿದರೂ ಒಂದೇ ಸೈಕಲ್. ನೀವು ನೋಡುತ್ತಿರುವುದು 45 ಕಿಲೋವ್ಯಾಟ್ ಅವರ್ ಪ್ಯಾಕ್ ಅಂತ ಇಟ್ಟುಕೊಳ್ಳಿ. ಪ್ಯಾಕ್ ಅಂದರೆ ಸೆಲ್‌ಗಳನ್ನು ಜೋಡಿಸಿ ಮಾಡಿದ ಕಾರಿನ ಇಡೀ ಬ್ಯಾಟರಿ. ಕಿಲೋವ್ಯಾಟ್ ಅವರ್ ಅಂದರೆ ನಿಮ್ಮ ಜೆಸ್ಕಾಂ ಬಿಲ್ಲಿನಲ್ಲಿ ಬರುವ ಯೂನಿಟ್ಟೇ. ಹಾಗಾಗಿ ಇಲ್ಲಿಂದ ಮುಂದೆ ಯೂನಿಟ್ ಅಂತಲೇ ಬರೆಯುತ್ತೇನೆ. ಯೂನಿಟ್ಟಿಗೆ 7 ಕಿ.ಮೀ. ಓಡಿದರೆ ಒಂದು ಪೂರ್ತಿ ಚಾರ್ಜಿಗೆ 315 ಕಿ.ಮೀ. ಆಯಿತು.

ನಿಮ್ಮ ಓಡಾಟ ನೋಡಿ. ತಿಂಗಳಿಗೆ 25 ದಿನ ಕಾಲೇಜು ಅಂದರೆ ವರ್ಷಕ್ಕೆ 10,500 ಕಿ.ಮೀ. ಬೆಂಗಳೂರಿಗೆ ಹೋಗಿ ಬರಲು ಸುಮಾರು 620 ಕಿ.ಮೀ., ಹನ್ನೆರಡು ಸಲಕ್ಕೆ 7,440. ಎರಡೂ ಸೇರಿ ಸುಮಾರು 18,000. ಹತ್ತು ವರ್ಷಕ್ಕೆ 1,80,000 ಕಿ.ಮೀ. ಇದನ್ನು 315ರಿಂದ ಭಾಗಿಸಿದರೆ 570 ಸೈಕಲ್. ಹತ್ತು ವರ್ಷಕ್ಕೆ ಅಷ್ಟೇ!

ಎನ್‌ಎಂಸಿ ಸೆಲ್ ಸಾಮಾನ್ಯವಾಗಿ 1,000ದಿಂದ 1,500 ಸೈಕಲ್ ಆದ ಮೇಲೆ ಮೂಲ ಸಾಮರ್ಥ್ಯದ 80%ಗೆ ಇಳಿಯುತ್ತದೆ. ಚೆನ್ನಾಗಿ ಮಾಡಿದ್ದು ಇನ್ನೂ ಜಾಸ್ತಿ ಬರುತ್ತದೆ. ನಿಮ್ಮ 570 ಅದರ ಹತ್ತಿರವೂ ಹೋಗಲ್ಲ. ಎಲ್‌ಎಫ್‌ಪಿಯ 3,000 ಸೈಕಲ್ ಪೂರ್ತಿ ಬಳಸಬೇಕು ಅಂದರೆ ನೀವು 9,45,000 ಕಿ.ಮೀ. ಓಡಿಸಬೇಕು. ನಿಮ್ಮ ಓಡಾಟಕ್ಕೆ ಅದು 52 ವರ್ಷ. ಅಷ್ಟರಲ್ಲಿ ಸೀಟು, ಸಸ್ಪೆನ್ಷನ್, ಬಾಡಿ ಯಾವುದೂ ಉಳಿದಿರಲ್ಲ. ಆ ಸಂಖ್ಯೆ ಟ್ಯಾಕ್ಸಿಯವರಿಗೆ ನಿಜಕ್ಕೂ ಬೇಕು. ದಿನಕ್ಕೆ 250 ಕಿ.ಮೀ. ಓಡಿಸುವವರು ಇದೇ ಪ್ಯಾಕಿನಲ್ಲಿ ವರ್ಷಕ್ಕೆ 260 ಸೈಕಲ್ ಮುಗಿಸುತ್ತಾರೆ. ಆರು ವರ್ಷಕ್ಕೆ 1,500 ದಾಟುತ್ತದೆ. ಅವರು ಎಲ್‌ಎಫ್‌ಪಿ ಬಿಟ್ಟು ಬೇರೆ ನೋಡಬಾರದು. ನಿಮ್ಮ ವಿಷಯ ಬೇರೆ.

ಹಾಗಾದರೆ ನಿಮ್ಮ ಬ್ಯಾಟರಿಯ ಆಯಸ್ಸು ಎಲ್ಲಿ ಕಳೆಯುತ್ತದೆ? ಬಹುಪಾಲು ನಿಂತಲ್ಲೇ.

ನಾನು ಕೆಲಸ ಮಾಡುವ ಟೆಸ್ಟಿಂಗ್ ಲ್ಯಾಬಿನಲ್ಲಿ ಒಂದು ಸಾಲು ಬಿಸಿ ಪೆಟ್ಟಿಗೆಗಳಿವೆ. ಒಂದು 25 ಡಿಗ್ರಿ, ಒಂದು 45 ಡಿಗ್ರಿ. ಅವುಗಳ ಒಳಗೆ ಸೆಲ್‌ಗಳನ್ನು ಚಾರ್ಜ್ ಮಾಡಿ ಸುಮ್ನೆ ಇಟ್ಟಿರುತ್ತೇವೆ. ಓಡಿಸುವುದಿಲ್ಲ, ಏನೂ ಮಾಡುವುದಿಲ್ಲ. ತಿಂಗಳಿಗೊಮ್ಮೆ ತೆಗೆದು ಎಷ್ಟು ಸಾಮರ್ಥ್ಯ ಉಳಿದಿದೆ ಅಂತ ಅಳೆಯುತ್ತೇವೆ. 45 ಡಿಗ್ರಿಯಲ್ಲಿ ಪೂರ್ತಿ ಚಾರ್ಜಿನಲ್ಲಿ ಕೂತ ಸೆಲ್ ಒಂದು ದಿನವೂ ದುಡಿಯದೆ ಸೊರಗುತ್ತದೆ. 25 ಡಿಗ್ರಿಯಲ್ಲಿ ಅರ್ಧ ಚಾರ್ಜಿನಲ್ಲಿ ಕೂತದ್ದು ಹೆಚ್ಚೂಕಡಿಮೆ ಹಾಗೇ ಇರುತ್ತದೆ. ಮೊದಲ ಸಲ ಈ ಎರಡು ಗೆರೆಗಳನ್ನು ಒಂದೇ ಹಾಳೆಯಲ್ಲಿ ನೋಡಿದಾಗ ನನಗೇ ಗಾಬರಿಯಾಗಿತ್ತು.

ಕಾರಣ ಇರುವುದು ಗ್ರಾಫೈಟ್ ಕಡೆ. ಎಲ್‌ಎಫ್‌ಪಿ ಆಗಲಿ, ಎನ್‌ಎಂಸಿ ಆಗಲಿ, ಸೆಲ್ಲಿನ ಋಣ ಬದಿಯಲ್ಲಿ ಇರುವುದು ಸಾಮಾನ್ಯವಾಗಿ ಅದೇ ಗ್ರಾಫೈಟ್. ಚಾರ್ಜ್ ಆದಾಗ ಲೀಥಿಯಂ ಅದರೊಳಗೆ ಹೋಗಿ ಕೂರುತ್ತದೆ. ಗ್ರಾಫೈಟಿನ ಮೈಮೇಲೆ ಒಂದು ತೆಳುವಾದ ಪದರ ಬೆಳೆಯುತ್ತದೆ. ಹಾಲು ಕಾಯಿಸಿ ಇಟ್ಟಾಗ ಕೆನೆ ಕಟ್ಟುತ್ತದಲ್ಲ, ಹಾಗೆ. ಈ ಪದರ ಬೇಕು, ಇದು ಇಲ್ಲದಿದ್ದರೆ ಸೆಲ್ಲೇ ನಡೆಯಲ್ಲ. ಆದರೆ ಅದು ಬೆಳೆಯುತ್ತಾ ಹೋದಂತೆ ಲೀಥಿಯಂ ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಸಿಕ್ಕಿಕೊಂಡದ್ದು ಮತ್ತೆ ಓಡಾಟಕ್ಕೆ ಬರಲ್ಲ. ಬಿಸಿ ಹೆಚ್ಚಾದಂತೆ ಪದರ ಬೇಗ ಬೆಳೆಯುತ್ತದೆ. 10 ಡಿಗ್ರಿ ಏರಿದರೆ ಇಂಥ ಕ್ರಿಯೆಗಳ ವೇಗ ಸುಮಾರು ದುಪ್ಪಟ್ಟಾಗುತ್ತದೆ ಅನ್ನುವುದು ನಾವು ಬಳಸುವ ಒರಟು ಲೆಕ್ಕ. ಗ್ರಾಫೈಟಿನಲ್ಲಿ ಲೀಥಿಯಂ ತುಂಬಿಕೊಂಡಿದ್ದಷ್ಟೂ, ಅಂದರೆ ಚಾರ್ಜ್ ಮೇಲಿದ್ದಷ್ಟೂ, ಬೆಳವಣಿಗೆ ಜೋರು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಿಮ್ಮ ಊರಿನಲ್ಲಿ ಇದೇ ದೊಡ್ಡ ಶತ್ರು. ಎರಡೂ ಜಾತಿಯ ಸೆಲ್‌ಗೆ ಇದು ಸಮಾನ.

ವ್ಯತ್ಯಾಸ ಶುರುವಾಗುವುದು ಧನ ಬದಿಯಲ್ಲಿ. ಎನ್‌ಎಂಸಿಯ ಧನ ಬದಿ ನಿಕಲ್, ಮ್ಯಾಂಗನೀಸ್, ಕೋಬಾಲ್ಟ್ ಮತ್ತು ಆಮ್ಲಜನಕ ಸೇರಿದ ಪದರ ಪದರದ ರಚನೆ. ಪುಸ್ತಕದ ಹಾಳೆಗಳ ನಡುವೆ ಇಟ್ಟ ನವಿಲುಗರಿಯ ಹಾಗೆ ಲೀಥಿಯಂ ಪದರಗಳ ನಡುವೆ ಇರುತ್ತದೆ. ಚಾರ್ಜ್ ಮಾಡುವಾಗ ಅದನ್ನು ಹೊರಗೆ ಎಳೆಯುತ್ತೇವೆ. ಜಾಸ್ತಿ ಎಳೆದಷ್ಟೂ ಜಾಸ್ತಿ ಯೂನಿಟ್ ಸಿಗುತ್ತದೆ. ಆದರೆ ಚಾರ್ಜ್ ತೀರಾ ಮೇಲಕ್ಕೆ ಹೋದಾಗ ಹಾಳೆಗಳು ಒಂದಕ್ಕೊಂದು ಕುಸಿದು ಹತ್ತಿರ ಬರುತ್ತವೆ. ಇಳಿದಾಗ ಮತ್ತೆ ದೂರ ಸರಿಯುತ್ತವೆ. ಹೀಗೆ ಎಳೆದಾಡಿ ಎಳೆದಾಡಿ ಪುಡಿಯ ಕಣಗಳಲ್ಲಿ ಬಿರುಕು ಬರುತ್ತದೆ. ಮೇಲಾಗಿ ಎನ್‌ಎಂಸಿ ಸೆಲ್ ಪೂರ್ತಿ ತುಂಬಿದಾಗ 4.2 ವೋಲ್ಟ್ ಇರುತ್ತದೆ. ಆ ವೋಲ್ಟೇಜಿನಲ್ಲಿ ಒಳಗಿನ ದ್ರಾವಣವೂ ನಿಧಾನಕ್ಕೆ ಕೆಡುತ್ತದೆ. ನಿಕಲ್ ಪಾಲು ಹೆಚ್ಚಾದಂತೆ ಈ ತೊಂದರೆ ಹೆಚ್ಚು. ಎನ್‌ಎಂಸಿ ಕಾರುಗಳ ಕೈಪಿಡಿಯಲ್ಲಿ ದಿನಬಳಕೆಗೆ 80% ಸಾಕು ಅಂತ ಬರೆದಿರುವುದು ಇದಕ್ಕೇ.

ಎಲ್‌ಎಫ್‌ಪಿಯಲ್ಲಿ ಹಾಳೆಗಳಿಲ್ಲ. ಕಬ್ಬಿಣ, ರಂಜಕ, ಆಮ್ಲಜನಕ ಸೇರಿ ಗಟ್ಟಿಯಾದ ಒಂದು ಚೌಕಟ್ಟು ಇರುತ್ತದೆ. ಅದರೊಳಗಿನ ಸಣ್ಣ ಸುರಂಗಗಳಲ್ಲಿ ಲೀಥಿಯಂ ಓಡಾಡುತ್ತದೆ. ಲೀಥಿಯಂ ಪೂರ್ತಿ ಹೊರಗೆ ಹೋದರೂ ಚೌಕಟ್ಟು ನಿಲ್ಲುತ್ತದೆ. ರಂಜಕ ಮತ್ತು ಆಮ್ಲಜನಕದ ಹಿಡಿತ ಬಲವಾಗಿರುವುದರಿಂದ ಬಿಸಿಯಲ್ಲೂ ಆಮ್ಲಜನಕ ಸುಲಭಕ್ಕೆ ಬಿಡುಗಡೆ ಆಗಲ್ಲ. ಬೆಂಕಿಯ ಅಪಾಯ ಕಡಿಮೆ ಅನ್ನುವುದು ಇದರಿಂದಲೇ ಬಂದ ಮಾತು. ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ ಜಾನ್ ಗುಡ್‌ಇನಫ್ ಅವರ ಜತೆ ಪಾಢಿ ಮತ್ತು ನಂಜುಂಡಸ್ವಾಮಿ ಅವರು 1997ರಲ್ಲಿ ಈ ವಸ್ತುವಿನ ಬಗ್ಗೆ ಬರೆದರು. ಈ ರಂಗದ ಮೂಲ ಪ್ರಬಂಧದಲ್ಲೇ ಎರಡು ಭಾರತೀಯ ಹೆಸರುಗಳಿವೆ ಅನ್ನುವುದು ನನಗೆ ಇವತ್ತಿಗೂ ಖುಷಿ ಕೊಡುವ ವಿಷಯ.

ಈ ಎರಡು ರಚನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮಿಕ್ಕಿದ್ದೆಲ್ಲ ಸುಲಭ. ಆಯಸ್ಸಿನ ವಿಷಯದಲ್ಲಿ ಎಲ್‌ಎಫ್‌ಪಿ ಮುಂದಿದೆ, ನಿಜ. ಆದರೆ ಗ್ರಾಫೈಟ್ ಮೇಲಿನ ಕೆನೆ ಅದನ್ನೂ ಬಿಡಲ್ಲ. ಇಲ್ಲೇ ಒಂದು ತಪ್ಪು ತಿಳಿವಳಿಕೆ ಹಬ್ಬಿದೆ. "ಎಲ್‌ಎಫ್‌ಪಿಗೆ ದಿನಾ 100% ಹಾಕಿ, ಏನೂ ಆಗಲ್ಲ" ಅಂತ ಹೇಳುವವರಿದ್ದಾರೆ. ಕೆನಡಾದ ಡಾಲ್‌ಹೌಸಿ ವಿಶ್ವವಿದ್ಯಾಲಯದ ಜೆಫ್ ಡಾನ್ ಅವರ ತಂಡ 2024ರಲ್ಲಿ ಇದನ್ನೇ ಪರೀಕ್ಷೆ ಮಾಡಿ ಪ್ರಕಟಿಸಿತು. ಯಾವಾಗಲೂ ಮೇಲಿನ ತುದಿಯಲ್ಲೇ ಓಡಿಸಿದ ಎಲ್‌ಎಫ್‌ಪಿ ಸೆಲ್‌ಗಳು ಬೇಗ ಸಾಮರ್ಥ್ಯ ಕಳೆದುಕೊಂಡವು. ಕೆಳಗಿನ ಮಟ್ಟದಲ್ಲಿ ಓಡಿಸಿದವು ಹೆಚ್ಚು ಬಾಳಿದವು.

ಹಾಗಿದ್ದರೆ ಕಂಪನಿಯವರೇ ವಾರಕ್ಕೊಮ್ಮೆ 100% ಹಾಕಿ ಅಂತ ಯಾಕೆ ಹೇಳುತ್ತಾರೆ? ಅದು ಸೆಲ್ಲಿನ ಆರೋಗ್ಯಕ್ಕಲ್ಲ. ಮೀಟರಿನ ಲೆಕ್ಕ ಸರಿಯಾಗಿರಲಿ ಅಂತ.

ನನ್ನ ಮೇಜಿನ ಮೇಲೆ ಒಂದು ಎಲ್‌ಎಫ್‌ಪಿ ಸೆಲ್, ಒಂದು ಎನ್‌ಎಂಸಿ ಸೆಲ್ ಪಕ್ಕಪಕ್ಕ ಇಟ್ಟಿದ್ದೇನೆ ಅಂದುಕೊಳ್ಳಿ. ಎರಡಕ್ಕೂ ಮಲ್ಟಿಮೀಟರ್ ಹಿಡಿಯುತ್ತೇನೆ. ಎನ್‌ಎಂಸಿ 20% ಚಾರ್ಜಿನಲ್ಲಿ ಸುಮಾರು 3.55 ವೋಲ್ಟ್ ತೋರಿಸುತ್ತದೆ. 50%ನಲ್ಲಿ 3.7, 80%ನಲ್ಲಿ 4.0ರ ಹತ್ತಿರ. ವೋಲ್ಟೇಜ್ ನೋಡಿದರೆ ಸಾಕು, ಎಷ್ಟು ಉಳಿದಿದೆ ಗೊತ್ತಾಗುತ್ತದೆ. ಈಗ ಎಲ್‌ಎಫ್‌ಪಿ. 40%ನಲ್ಲಿ 3.29. 60%ನಲ್ಲಿ 3.30. 80%ನಲ್ಲಿ 3.33. ಅರ್ಧ ಟ್ಯಾಂಕಿಗೂ ಮುಕ್ಕಾಲು ಟ್ಯಾಂಕಿಗೂ ವ್ಯತ್ಯಾಸ ಕೆಲವೇ ನೂರರ ಭಾಗ ವೋಲ್ಟ್. ಕಾರು ಓಡುತ್ತಿರುವಾಗ ಆಕ್ಸಲರೇಟರ್ ಸ್ವಲ್ಪ ಒತ್ತಿದರೂ ವೋಲ್ಟೇಜ್ ಅದಕ್ಕಿಂತ ಜಾಸ್ತಿ ಅಲುಗಾಡುತ್ತದೆ.

ಹಾಗಾಗಿ ಬ್ಯಾಟರಿಯನ್ನು ಕಾಯುವ ಬಿಎಂಎಸ್ ಅನ್ನುವ ಸರ್ಕ್ಯೂಟ್ ವೋಲ್ಟೇಜ್ ನೋಡಿ ಲೆಕ್ಕ ಹೇಳಲಾರದು. ಎಷ್ಟು ಕರೆಂಟ್ ಒಳಗೆ ಹೋಯಿತು, ಎಷ್ಟು ಹೊರಗೆ ಬಂತು ಅಂತ ಕೂಡುತ್ತಾ ಕಳೆಯುತ್ತಾ ಇರುತ್ತದೆ. ಕಿರಾಣಿ ಅಂಗಡಿಯ ಖಾತೆ ಪುಸ್ತಕದ ಹಾಗೆ. ದಿನಾ ಸಣ್ಣ ಸಣ್ಣ ತಪ್ಪು ಸೇರುತ್ತಾ ಹೋಗುತ್ತದೆ. ಪೂರ್ತಿ ಚಾರ್ಜ್ ಆಗುವ ಕೊನೆಯ ಹಂತದಲ್ಲಿ ಮಾತ್ರ ಎಲ್‌ಎಫ್‌ಪಿಯ ವೋಲ್ಟೇಜ್ 3.65ರ ಕಡೆಗೆ ಥಟ್ಟನೆ ಏರುತ್ತದೆ. ಆಗ ಬಿಎಂಎಸ್‌ಗೆ "ಈಗ ನಿಜವಾಗಿ 100%" ಅಂತ ಖಾತ್ರಿಯಾಗಿ ಖಾತೆಯನ್ನು ಹೊಸದಾಗಿ ಶುರು ಮಾಡುತ್ತದೆ. ಸೆಲ್‌ಗಳ ನಡುವಿನ ಏರುಪೇರು ಸರಿಮಾಡುವ ಕೆಲಸವೂ ಅಲ್ಲೇ ಆಗುತ್ತದೆ.

ಇದು ತಪ್ಪಿದರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ಮನೆಯದೇ ಉದಾಹರಣೆ ಇದೆ. ನಮ್ಮ ಭಾವನವರ ಎಲ್‌ಎಫ್‌ಪಿ ಕಾರು ಹಿರಿಯೂರಿಗೆ ಸ್ವಲ್ಪ ಮುಂಚೆ ನಿಂತುಬಿಟ್ಟಿತು. ಮೀಟರ್ 17% ತೋರಿಸುತ್ತಿತ್ತು. ಒಂದೆರಡು ಕಿಲೋಮೀಟರಿನಲ್ಲಿ 6%ಗೆ ಬಂತು, ಆಮೇಲೆ ವೇಗ ತಾನಾಗಿ ಕಡಿಮೆಯಾಯಿತು, ಆಮೇಲೆ ನಿಂತೇ ಹೋಯಿತು. ಅವರು ಯಾರೋ ಹೇಳಿದರು ಅಂತ ನಾಲ್ಕು ತಿಂಗಳು 80% ದಾಟಿಸಿರಲಿಲ್ಲ. ಎನ್‌ಎಂಸಿಯ ನಿಯಮವನ್ನು ಎಲ್‌ಎಫ್‌ಪಿಗೆ ಹಚ್ಚಿದ್ದರು. ಟೋಯಿಂಗ್ ಗಾಡಿ ಕಾಯುತ್ತಾ ಬಿಸಿಲಲ್ಲಿ ಮೂರು ಗಂಟೆ ಕೂತರು. ಸರ್ವೀಸ್ ಸೆಂಟರಿನಲ್ಲಿ ಬ್ಯಾಟರಿ ಕೆಟ್ಟಿದೆ, ಮಾಡ್ಯೂಲ್ ಬದಲಿಸಬೇಕು ಅಂದರು. ನಾನು ಮೊದಲು ನಿಧಾನದ ಎಸಿ ಚಾರ್ಜರಿನಲ್ಲಿ 100% ತನಕ ಬಿಡಿ, 100 ತೋರಿಸಿದ ಮೇಲೂ ತಾನಾಗಿ ನಿಲ್ಲುವವರೆಗೆ ಪ್ಲಗ್ ತೆಗೆಯಬೇಡಿ ಅಂದೆ. ಎರಡು ಸಲ ಹಾಗೆ ಮಾಡಿದ ಮೇಲೆ ಲೆಕ್ಕ ಸರಿಹೋಯಿತು. ಸೆಲ್‌ಗಳಿಗೆ ಏನೂ ಆಗಿರಲಿಲ್ಲ. ಚಾರ್ಜ್ ಕೆಳಗಿರುವಾಗ ಶೇಕಡಾ ಲೆಕ್ಕ ಹೀಗೆ ಜಾರಿ ಬಿದ್ದರೆ ಮೊದಲು ಅನುಮಾನಿಸಬೇಕಾದ್ದು ಲೆಕ್ಕವನ್ನು. ಎರಡು ಮೂರು ಪೂರ್ತಿ ಚಾರ್ಜ್ ಆದ ಮೇಲೂ ಹಾಗೇ ಬಿದ್ದರೆ ಆಗ ಯಾವುದೋ ಸೆಲ್ ಸೋತಿದೆ ಅಂತ ಅರ್ಥ. ಆಗ ವಾರಂಟಿ ಕೇಳಿ.

ಇನ್ನು ಭಾರ, ರೇಂಜ್. ಎನ್‌ಎಂಸಿಯ ಗೆಲುವು ನಿಜವಾಗಿ ಇರುವುದು ಇಲ್ಲಿ. ಒಂದು ಕಿಲೋ ಎನ್‌ಎಂಸಿ ಸೆಲ್‌ನಲ್ಲಿ ಸುಮಾರು ಕಾಲು ಯೂನಿಟ್ ಹಿಡಿಯುತ್ತದೆ, ಅಂದರೆ 250 ವ್ಯಾಟ್ ಅವರ್ ಆಸುಪಾಸು. ಎಲ್‌ಎಫ್‌ಪಿಯಲ್ಲಿ 160ರಿಂದ 190. ಇದಕ್ಕೂ ರಚನೆಯೇ ಕಾರಣ. ಎಲ್‌ಎಫ್‌ಪಿಯ ವೋಲ್ಟೇಜ್ ಕಡಿಮೆ, ಸರಾಸರಿ 3.2. ಎನ್‌ಎಂಸಿಯದು 3.65. ಜತೆಗೆ ಎಲ್‌ಎಫ್‌ಪಿ ಪುಡಿ ವಿದ್ಯುತ್ತನ್ನು ಚೆನ್ನಾಗಿ ಹರಿಸಲ್ಲ. ಅದನ್ನು ತೀರಾ ನುಣ್ಣಗೆ ಮಾಡಿ ಮೇಲೆ ಇಂಗಾಲದ ಲೇಪ ಕೊಡಬೇಕು. ಅಂಥ ಪುಡಿ ಹಗುರ, ಒತ್ತಿದರೂ ಗಟ್ಟಿಯಾಗಿ ಕೂರಲ್ಲ. ಹಾಗಾಗಿ ತೂಕಕ್ಕಿಂತ ಜಾಗದಲ್ಲಿ ಎಲ್‌ಎಫ್‌ಪಿ ಜಾಸ್ತಿ ಸೋಲುತ್ತದೆ. ಒಂದು ಲೀಟರ್ ಜಾಗಕ್ಕೆ ಎಷ್ಟು ಯೂನಿಟ್ ಅಂತ ನೋಡಿದರೆ ಒಳ್ಳೆಯ ಎನ್‌ಎಂಸಿಯ ಮುಂದೆ ಎಲ್‌ಎಫ್‌ಪಿ ಮುಕ್ಕಾಲಿಗೂ ಕಡಿಮೆ. ಕಾರಿನ ನೆಲದ ಕೆಳಗಿನ ಜಾಗ ಅಳತೆಯದ್ದು, ಅದನ್ನು ಹಿಗ್ಗಿಸಲು ಬರಲ್ಲ.

ಇದನ್ನು ಕಣ್ಣಾರೆ ನೋಡಲು ಒಂದೇ ಕಾರು ಎರಡೂ ಸೆಲ್‌ಗಳಲ್ಲಿ ಬಂದಿರಬೇಕು. ಅಂಥದ್ದೊಂದು ಇದೆ. 2022ರಲ್ಲಿ ಬ್ರಿಟನ್ನಿನಲ್ಲಿ ಬಂದ ಎಂಜಿ4. ಬಾಡಿ ಅದೇ, ನೆಲ ಅದೇ. ಕಡಿಮೆ ಬೆಲೆಯದರಲ್ಲಿ 51 ಯೂನಿಟ್ಟಿನ ಎಲ್‌ಎಫ್‌ಪಿ, ಮೇಲಿನದರಲ್ಲಿ 64 ಯೂನಿಟ್ಟಿನ ಎನ್‌ಎಂಸಿ. ಯುರೋಪಿನ ಅಳತೆಯಲ್ಲಿ ಮೊದಲನೆಯದಕ್ಕೆ 350 ಕಿ.ಮೀ., ಎರಡನೆಯದಕ್ಕೆ 450 ಕಿ.ಮೀ. ಕಾರಿನ ತೂಕ 1,655 ಕಿಲೋ ಮತ್ತು 1,685 ಕಿಲೋ. ಅಂದರೆ 13 ಯೂನಿಟ್ ಜಾಸ್ತಿ ಸಿಕ್ಕಿತು, ತೂಕ ಏರಿದ್ದು ಬರೀ 30 ಕಿಲೋ. ಅದೇ 13 ಯೂನಿಟ್ಟನ್ನು ಎಲ್‌ಎಫ್‌ಪಿಯಲ್ಲೇ ಸೇರಿಸಲು ಹೋಗಿದ್ದರೆ ಸುಮಾರು 90 ಕಿಲೋ ಏರುತ್ತಿತ್ತು, ಅಷ್ಟು ಸೆಲ್ ಇಡಲು ಆ ತೆಳು ಪ್ಯಾಕಿನಲ್ಲಿ ಜಾಗ ಹುಡುಕಬೇಕಾಗುತ್ತಿತ್ತು. ಶುರುವಿನ ಬೆಲೆ 25,995 ಪೌಂಡ್ ಮತ್ತು 28,495 ಪೌಂಡ್. 100 ಕಿ.ಮೀ. ರೇಂಜಿಗೆ 2,500 ಪೌಂಡ್. ಮೇಲಿನದರ ಮೋಟಾರಿಗೂ ಸ್ವಲ್ಪ ಶಕ್ತಿ ಜಾಸ್ತಿ, ಆ ಹಣದಲ್ಲಿ ಅದರ ಪಾಲೂ ಇದೆ ಅನ್ನಿ.

ಆದರೆ ಸೆಲ್ ಮಟ್ಟದಲ್ಲಿ ಕಾಣುವ ಅಂತರ ಪ್ಯಾಕ್ ಮಟ್ಟಕ್ಕೆ ಬಂದಾಗ ಕಿರಿದಾಗುತ್ತದೆ. ಎನ್‌ಎಂಸಿ ಸೆಲ್‌ಗಳನ್ನು ಮೊದಲು ಪೆಟ್ಟಿಗೆ ಪೆಟ್ಟಿಗೆಯಾಗಿ ಮಾಡ್ಯೂಲಿನಲ್ಲಿ ಇಡುತ್ತಾರೆ. ಒಂದಕ್ಕೆ ಬೆಂಕಿ ಹತ್ತಿದರೆ ಪಕ್ಕದ್ದಕ್ಕೆ ಹರಡಬಾರದು ಅಂತ ನಡುವೆ ತಡೆಗೋಡೆಗಳನ್ನೂ ಕೊಡುತ್ತಾರೆ. ಅದೆಲ್ಲ ಯೂನಿಟ್ ಕೊಡದ ತೂಕ. ಎಲ್‌ಎಫ್‌ಪಿ ಅಷ್ಟು ಸಿಟ್ಟಿನ ಸೆಲ್ ಅಲ್ಲ. ಹಾಗಾಗಿ ಮಾಡ್ಯೂಲ್ ಬಿಟ್ಟು ಸೆಲ್‌ಗಳನ್ನು ನೇರ ಪ್ಯಾಕಿನೊಳಗೆ ಜೋಡಿಸುವುದು ಸುಲಭವಾಯಿತು. ಬಿವೈಡಿ ಕಂಪನಿ 2020ರಲ್ಲಿ ತಂದ ಬ್ಲೇಡ್ ಸೆಲ್ ಸುಮಾರು 96 ಸೆಂ.ಮೀ. ಉದ್ದ, ದಪ್ಪ ಒಂದೂವರೆ ಸೆಂ.ಮೀ.ಗೂ ಕಡಿಮೆ. ಬಾಳೆಲೆ ಜೋಡಿಸಿ ಕಟ್ಟಿದಂತೆ ಪಕ್ಕಪಕ್ಕ ನಿಲ್ಲಿಸಿದರೆ ಆ ಸೆಲ್‌ಗಳೇ ಪ್ಯಾಕಿಗೆ ತೊಲೆಯೂ ಆಗುತ್ತವೆ.

ನಿಮ್ಮ 45 ಯೂನಿಟ್ಟಿಗೆ ಲೆಕ್ಕ ಹಾಕಿ. ಪೆಟ್ಟಿಗೆ, ಕೂಲಿಂಗ್ ಎಲ್ಲ ಸೇರಿ ಎಲ್‌ಎಫ್‌ಪಿ ಪ್ಯಾಕಿನಲ್ಲಿ ಕಿಲೋಗೆ 140 ವ್ಯಾಟ್ ಅವರ್ ಹಿಡಿದರೆ ಪ್ಯಾಕ್ 320 ಕಿಲೋ. ಎನ್‌ಎಂಸಿಯಲ್ಲಿ 170 ಹಿಡಿದರೆ 265 ಕಿಲೋ. ವ್ಯತ್ಯಾಸ 55 ಕಿಲೋ. ಕಾರಿನಲ್ಲಿ ಇನ್ನೊಬ್ಬರು ಕೂತಂತೆ, ಅಷ್ಟೇ ಅಲ್ವಾ? ಹೈವೇ ರೇಂಜಿನಲ್ಲಿ ಅದರ ಪರಿಣಾಮ ನಿಮಗೆ ಗೊತ್ತೇ ಆಗಲ್ಲ. ಅಲ್ಲಿ ಯೂನಿಟ್ ತಿನ್ನುವುದು ಗಾಳಿ ಮತ್ತು ವೇಗ, ತೂಕ ಅಲ್ಲ. 80 ಯೂನಿಟ್ಟಿನ ಆಸುಪಾಸಿನ ದೊಡ್ಡ ಪ್ಯಾಕಿನಲ್ಲಿ ಈ ಅಂತರಕ್ಕೆ ಬೆಲೆ ಬರುತ್ತದೆ. ಹಾಗಂತ ಅಲ್ಲೂ ಗೋಡೆ ಕುಸಿಯುತ್ತಿದೆ. ಮಹೀಂದ್ರದವರು ಎಕ್ಸ್‌ಯುವಿ400ಗೆ ಎನ್‌ಎಂಸಿ ಹಾಕಿದ್ದರು. 2024ರ ನವೆಂಬರಿನಲ್ಲಿ ತಂದ ಬಿಇ 6 ಮತ್ತು ಎಕ್ಸ್‌ಇವಿ 9ಇ ಕಾರುಗಳಿಗೆ 59 ಮತ್ತು 79 ಯೂನಿಟ್ಟಿನ ಎಲ್‌ಎಫ್‌ಪಿ ಬ್ಲೇಡ್ ಪ್ಯಾಕ್ ಕೊಟ್ಟರು. ಎಲ್‌ಎಫ್‌ಪಿ ಅಂದರೆ ಕಡಿಮೆ ರೇಂಜ್ ಅನ್ನುವ ಮಾತಿಗೆ ಉತ್ತರವಾಗಿ ಆ 79 ಸಾಕು.

ಚಳಿಯಲ್ಲಿ ಎಲ್‌ಎಫ್‌ಪಿ ಸ್ವಲ್ಪ ಮಂಕು, ಶೂನ್ಯ ಡಿಗ್ರಿಯ ಕೆಳಗೆ ಚಾರ್ಜ್ ತೆಗೆದುಕೊಳ್ಳಲು ತುಂಬ ತಿಣುಕುತ್ತದೆ. ಕೆನಡಾ, ನಾರ್ವೆಯಲ್ಲಿರುವ ಓದುಗರು ಇದನ್ನು ಗಮನಿಸಬೇಕು. ಬಳ್ಳಾರಿಗೆ ಅದರ ಚಿಂತೆ ಇಲ್ಲ.

ಬೆಲೆಯ ವಿಷಯಕ್ಕೆ ಬರೋಣ. ನಿಮ್ಮ 45 ಯೂನಿಟ್ ಪ್ಯಾಕ್ ಎನ್‌ಎಂಸಿ ಆಗಿದ್ದು, ಅದು 811 ಅನ್ನುವ ಜಾತಿಯದು ಅಂದುಕೊಳ್ಳಿ. ಅಂದರೆ ಹತ್ತು ಪಾಲಿನಲ್ಲಿ ಎಂಟು ನಿಕಲ್, ಒಂದು ಮ್ಯಾಂಗನೀಸ್, ಒಂದು ಕೋಬಾಲ್ಟ್. ಅದಕ್ಕೆ ಸುಮಾರು 30 ಕಿಲೋ ನಿಕಲ್, 4 ಕಿಲೋ ಕೋಬಾಲ್ಟ್ ಬೇಕು. ನಿಕಲ್ ಕಿಲೋಗೆ 15 ಡಾಲರ್ ಹಿಡಿದರೆ ಅದೊಂದಕ್ಕೇ 450 ಡಾಲರ್, ನಮ್ಮ ಲೆಕ್ಕದಲ್ಲಿ 38,000 ರೂಪಾಯಿಯಷ್ಟು. ಅದೇ ಎಲ್‌ಎಫ್‌ಪಿ ಪ್ಯಾಕಿಗೆ ಬೇಕಾದ್ದು 32 ಕಿಲೋ ಕಬ್ಬಿಣ ಮತ್ತು ಗೊಬ್ಬರಕ್ಕೂ ಬಳಸುವ ಫಾಸ್ಫೇಟ್. ಕಬ್ಬಿಣದ ಅದಿರಿನ ಊರಿನವರಾದ ನಿಮಗೆ ಅದರ ಬೆಲೆ ನಾನು ಹೇಳಬೇಕಿಲ್ಲ. ಅದನ್ನು ಬ್ಯಾಟರಿಗೆ ಬೇಕಾದಷ್ಟು ಶುದ್ಧ ಮಾಡುವ ಖರ್ಚು ಬೇರೆ ಇದೆ, ಆದರೂ ನಿಕಲ್‌ನ ಹತ್ತಿರ ಬರಲ್ಲ. ಲೀಥಿಯಂ ಎರಡಕ್ಕೂ ಹೆಚ್ಚೂಕಡಿಮೆ ಒಂದೇ, 4 ಕಿಲೋ ಚಿಲ್ಲರೆ. ಅದಕ್ಕೇ 2022ರಲ್ಲಿ ಲೀಥಿಯಂ ಬೆಲೆ ಗಗನಕ್ಕೆ ಹೋದಾಗ ಎಲ್‌ಎಫ್‌ಪಿಯೂ ದುಬಾರಿಯಾಯಿತು.

ಬರೀ ಬೆಲೆ ಅಲ್ಲ, ಬೆಲೆಯ ಜಿಗಿತವೂ ಕಾರು ಮಾಡುವವರನ್ನು ಹೆದರಿಸಿದೆ. ಕೋಬಾಲ್ಟ್ 2018ರಲ್ಲಿ ಟನ್ನಿಗೆ 90,000 ಡಾಲರ್ ದಾಟಿತು, ಮರುವರ್ಷ ಅದರ ಅರ್ಧಕ್ಕಿಂತ ಕೆಳಗೆ ಬಿತ್ತು. ಪ್ರಪಂಚದ ಕೋಬಾಲ್ಟ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ದೇಶದಿಂದ, ಕಾಂಗೋದಿಂದ ಬರುತ್ತದೆ. 2025ರ ಫೆಬ್ರುವರಿಯಲ್ಲಿ ಆ ದೇಶ ಕೆಲವು ತಿಂಗಳ ಮಟ್ಟಿಗೆ ರಫ್ತನ್ನೇ ನಿಲ್ಲಿಸಿತು. ನಿಕಲ್ 2022ರ ಮಾರ್ಚಿನಲ್ಲಿ ಲಂಡನ್ ಮಾರುಕಟ್ಟೆಯಲ್ಲಿ ಸ್ವಲ್ಪ ಹೊತ್ತು ಟನ್ನಿಗೆ 1,00,000 ಡಾಲರ್ ಮುಟ್ಟಿ, ವಹಿವಾಟನ್ನೇ ನಿಲ್ಲಿಸಬೇಕಾಯಿತು. ಮುಂದಿನ ವರ್ಷದ ಕಾರಿಗೆ ಇವತ್ತೇ ಬೆಲೆ ನಿಗದಿ ಮಾಡುವವರಿಗೆ ಇದು ದೊಡ್ಡ ತಲೆನೋವು.

ಎಲ್ಲ ಸೇರಿ ಒಂದು ಯೂನಿಟ್ಟಿಗೆ ಎಲ್‌ಎಫ್‌ಪಿ ಪ್ಯಾಕ್ ಎನ್‌ಎಂಸಿಗಿಂತ ಸುಮಾರು 30% ಅಗ್ಗ ಬೀಳುತ್ತಿದೆ. ಯೂನಿಟ್ಟಿಗೆ 30 ಡಾಲರ್ ವ್ಯತ್ಯಾಸ, ಡಾಲರಿಗೆ 85 ರೂಪಾಯಿ ಅಂತ ಹಿಡಿದರೆ 45 ಯೂನಿಟ್ಟಿಗೆ 1,15,000 ರೂಪಾಯಿ. 2024ರಲ್ಲಿ ಪ್ರಪಂಚದ ಎಲೆಕ್ಟ್ರಿಕ್ ಕಾರುಗಳ ಬ್ಯಾಟರಿಯಲ್ಲಿ ಹತ್ತಿರ ಹತ್ತಿರ ಅರ್ಧ ಎಲ್‌ಎಫ್‌ಪಿ ಆಗಿದ್ದಕ್ಕೆ ಈ ಹಣವೇ ಮುಖ್ಯ ಕಾರಣ. ಒಂದು ಮಾತು ಮಾತ್ರ ಎನ್‌ಎಂಸಿ ಪರವಾಗಿ ಹೇಳಬೇಕು. ಬ್ಯಾಟರಿಯ ಕಾಲ ಮುಗಿದ ಮೇಲೆ ಅದನ್ನು ಒಡೆದು ಲೋಹ ತೆಗೆಯುವವರು ನಿಕಲ್, ಕೋಬಾಲ್ಟ್‌ಗೆ ಹಣ ಕೊಡುತ್ತಾರೆ. ಎಲ್‌ಎಫ್‌ಪಿಯಲ್ಲಿ ಅವರಿಗೆ ಸಿಗುವುದು ಕಡಿಮೆ.

ಈಗ ನಿಮ್ಮ ಕಾರು. ನಿಮ್ಮ ಜಾಗದಲ್ಲಿ ನಾನಿದ್ದರೆ ಎಲ್‌ಎಫ್‌ಪಿ ತಗೊಳ್ಳುತ್ತಿದ್ದೆ. ಷೋರೂಮಿನವರು ಹೇಳಿದ 3,000 ಸೈಕಲ್ ಅದಕ್ಕೆ ಕಾರಣ ಅಲ್ಲ. ಅದೇ ಹಣಕ್ಕೆ ದೊಡ್ಡ ಪ್ಯಾಕ್ ಸಿಗುತ್ತದೆ ಅನ್ನುವುದು ಕಾರಣ. ಹೈವೇಯಲ್ಲಿ ಎಸಿ ಹಾಕಿ 90, 100ರ ವೇಗದಲ್ಲಿ ಹೋದರೆ ಯೂನಿಟ್ಟಿಗೆ ಆರೂವರೆ ಕಿ.ಮೀ. ಬರುತ್ತದೆ ಅನ್ನಿ. 45 ಯೂನಿಟ್ಟಿಗೆ 290 ಕಿ.ಮೀ. ಬೆಂಗಳೂರು 310. ಹಿರಿಯೂರು ಅಥವಾ ಶಿರಾ ಹತ್ತಿರ ಊಟಕ್ಕೆ ನಿಲ್ಲಿಸಿದಾಗ 50 ಕಿಲೋವ್ಯಾಟ್ ಚಾರ್ಜರಿನಲ್ಲಿ ಅರ್ಧ ಗಂಟೆ ಹಾಕಬೇಕು. 59 ಯೂನಿಟ್ ಇದ್ದರೆ 380 ಕಿ.ಮೀ., ನಡುವೆ ಎಲ್ಲೂ ಹಾಕದೆ ಮಗಳ ಮನೆ ಮುಟ್ಟಬಹುದು. ದೊಡ್ಡ ಪ್ಯಾಕ್ ಅಂದರೆ ವರ್ಷಕ್ಕೆ ಸೈಕಲ್ ಕೂಡ ಕಡಿಮೆ. ಆದರೆ ನಿಮಗೆ ಮನಸ್ಸಿಗೆ ಹಿಡಿದ ಕಾರು ಎನ್‌ಎಂಸಿಯದೇ ಆಗಿದ್ದು, ಬ್ಯಾಟರಿಗೆ ಲಿಕ್ವಿಡ್ ಕೂಲಿಂಗ್ ಇದ್ದರೆ, ಅದನ್ನು ಬಿಡಬೇಕಿಲ್ಲ. ಹತ್ತು ವರ್ಷ ಅದೂ ಬಾಳುತ್ತದೆ. ದಿನಾ 70, 80%ಗೆ ನಿಲ್ಲಿಸಿ, ಬೆಂಗಳೂರಿಗೆ ಹೊರಡುವ ಬೆಳಿಗ್ಗೆ ಮಾತ್ರ 100 ಮಾಡಿ.

ಎಲ್‌ಎಫ್‌ಪಿ ತಂದರೆ ವಾರಪೂರ್ತಿ 40ರಿಂದ 80ರ ನಡುವೆ ಓಡಿಸಿ. ನಿಮ್ಮ 35 ಕಿ.ಮೀ.ಗೆ ದಿನಕ್ಕೆ 5 ಯೂನಿಟ್ ಸಾಕು. ಕಂಪನಿ ವಾರಕ್ಕೊಮ್ಮೆ ಅಂದಿದ್ದರೆ ವಾರಕ್ಕೊಮ್ಮೆ, ತಿಂಗಳಿಗೊಮ್ಮೆ ಅಂದಿದ್ದರೆ ತಿಂಗಳಿಗೊಮ್ಮೆ ಎಸಿ ಚಾರ್ಜರಿನಲ್ಲಿ 100 ಮಾಡಿ, ಆವತ್ತೇ ಓಡಿಸಿ ಇಳಿಸಿ. ಬೇಸಿಗೆ ರಜೆಗೆ ಊರು ಬಿಟ್ಟು ಹೋಗುವಾಗ ಯಾವ ಸೆಲ್ ಆದರೂ ಅರ್ಧ ಚಾರ್ಜಿನಲ್ಲಿ, ನೆರಳಿನಲ್ಲಿ ನಿಲ್ಲಿಸಿ. ಕಾಲೇಜಿನಲ್ಲಿ ಬೇವಿನ ಮರ ಇದ್ದರೆ ಅದರ ಕೆಳಗಿನ ಜಾಗ ನಿಮ್ಮದಾಗಲಿ. ಬಿಸಿಲಲ್ಲಿ ದೂರ ಓಡಿಸಿ ಬಂದ ತಕ್ಷಣ ಪ್ಲಗ್ ಚುಚ್ಚಬೇಡಿ, ರಾತ್ರಿ ತಣ್ಣಗಾದ ಮೇಲೆ ಹಾಕಿ.

ಕಾರಿನೊಳಗೆ ಯಾವ ಸೆಲ್ ಇದೆ ಅಂತ ಮಾರುವವರ ಬಾಯಿಮಾತು ನಂಬಬೇಡಿ. ಕೈಪಿಡಿಯ ಪಿಡಿಎಫ್ ಕಂಪನಿಯ ವೆಬ್‌ಸೈಟಿನಲ್ಲಿ ಸಿಗುತ್ತದೆ, ಚಾರ್ಜಿಂಗ್ ಅಧ್ಯಾಯ ತೆರೆಯಿರಿ. ನಿಯಮಿತವಾಗಿ 100% ಹಾಕಿ ಅಂತ ಇದ್ದರೆ ಬಹುಮಟ್ಟಿಗೆ ಎಲ್‌ಎಫ್‌ಪಿ. ದಿನಬಳಕೆಗೆ 80% ಅಂತ ಇದ್ದರೆ ಬಹುಮಟ್ಟಿಗೆ ಎನ್‌ಎಂಸಿ. ಆಮೇಲೆ ವಾರಂಟಿ ಹಾಳೆ ಓದಿ. 8 ವರ್ಷ ಅಥವಾ 1,60,000 ಕಿ.ಮೀ. ಅನ್ನುವುದು ಬಹಳ ಕಾಲದಿಂದ ರೂಢಿ. ಈಚೆಗೆ ಕೆಲವರು ಮೊದಲ ಮಾಲೀಕರಿಗೆ ಇನ್ನೂ ಉದ್ದ ಕೊಡುತ್ತಿದ್ದಾರೆ. ವರ್ಷ ಎಷ್ಟೇ ಇರಲಿ, ಸಾಮರ್ಥ್ಯ ಎಷ್ಟು ಶೇಕಡಾಕ್ಕೆ ಇಳಿದರೆ ಬದಲಿಸಿಕೊಡುತ್ತಾರೆ ಅನ್ನುವ ಸಾಲು ಅದರಲ್ಲಿ ಇರಬೇಕು. ಸಾಮಾನ್ಯವಾಗಿ 70 ಅಂತ ಇರುತ್ತದೆ. ಆ ಸಾಲೇ ಇಲ್ಲದಿದ್ದರೆ ಬುಕಿಂಗ್ ಹಣ ಕಟ್ಟುವ ಮುಂಚೆ ಅದನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ.